ಗಾದಿಯೊಳಗಿನ ಕಸ

ಮಹೆಕಳ ಮದುವೆಯ ಚಿಂತೆ ಇಜೇರಿಯಲ್ಲಿ ಮಹೆಕ್ ಒಬ್ಬಳನ್ನು ಬಿಟ್ಟು ಉಳಿದ ಎಲ್ಲರಿಗೂ ಇತ್ತು. ಒಂಬತ್ತನೇ ಕ್ಲಾಸಿನಲ್ಲಿ ಆಕೆಗೆ ವಿಷಮಜ್ವರ ಬಂದು ಹದಿನೈದು ದಿನ ಹಾಸಿಗೆ ಹಿಡಿದಾಗ ಯಾರೂ ಬಂದು ಹಣೆ ಮುಟ್ಟಿ ನೋಡಿದವರಿಲ್ಲ. ಪಿಯುಸಿಯಲ್ಲಿ ಪುಸ್ತಕವಿಲ್ಲದೆ ಕಂಡವರ ಪುಸ್ತಕ ಕಡ ತಂದು ಬರೆದುಕೊಂಡಾಗ ಯಾರೂ ಒಂದು ನೋಟುಬುಕ್ಕು ಕೊಡಿಸಿದವರಿಲ್ಲ. ಇಪ್ಪತ್ತು ತುಂಬಿತು ನೋಡಿ, ಊರಿಗೆ ಊರೇ ನಿದ್ದೆಗೆಟ್ಟಿತು. ಪಾಪ, ಎಷ್ಟು ಕಾಳಜಿ!

ಎಲ್ಲರಿಗಿಂತ ಹೆಚ್ಚು ನಿದ್ದೆಗೆಟ್ಟವರು ಸರ್ದಾರಸಾಬರು. ಸರ್ದಾರಸಾಬರು ಅಂದರೆ ಜಮಾತಿನ ಹಿರಿಯರು, ಮೂವತ್ತು ಎಕರೆ ತೊಗರಿ ಹೊಲದ ಧಣಿ, ಯಾರ ಮನೆಯ ಹುಡುಗಿ ಯಾವ ಬಸ್ಸಿನಲ್ಲಿ ಯಾವ ಕಿಟಕಿ ಪಕ್ಕ ಕೂತಿದ್ದಳು ಎಂಬುದನ್ನು ಬಾಯಿಪಾಠ ಹೇಳಬಲ್ಲವರು. ಹೋದ ವರ್ಷ ಊರ ಶಾಲೆಯಲ್ಲಿ ಮಹಿಳಾ ದಿನ ಮಾಡಿದಾಗ ಹೆಣ್ಣುಮಕ್ಕಳ ಶಿಕ್ಷಣದ ಮೇಲೆ ಮುಕ್ಕಾಲು ತಾಸು ಮಾತಾಡಿ ಶಾಲು ಹೊದೆಸಿಕೊಂಡವರೂ ಇವರೇ. ಅದಾದ ಎರಡೇ ತಿಂಗಳಿಗೆ ತಮ್ಮ ಮಗಳು ಮುಸ್ಕಾನಳನ್ನು ಕಾಲೇಜು ಬಿಡಿಸಿ ಅಫಜಲಪುರಕ್ಕೆ ಕೊಟ್ಟರು. ಶಾಲು ಮಾತ್ರ ಇನ್ನೂ ಮನೆಯಲ್ಲೇ ಇದೆ.

ಮಹೆಕಳ ಅಪ್ಪ ಚಮನಸಾಬ ಪಿಂಜಾರ. ಹತ್ತಿ ಪಿಂಜಿ ಗಾದಿ ಹೊಲಿಯುವುದು ಮುತ್ತಜ್ಜನ ಕಾಲದಿಂದ ಬಂದ ಕಸುಬು. ಅಜ್ಜ ಅರಳೆ ಹೊಡೆಯುತ್ತಿದ್ದ ಬಿಲ್ಲು ಈಗ ಗೋಡೆಯ ಮೇಲೆ ನೇತಾಡುತ್ತದೆ. ಪಡಸಾಲೆಯಲ್ಲಿ ಕರೆಂಟಿನ ಮಶೀನು ಕೂತಿದೆ. ಮಶೀನು ಬಂದರೂ ಧೂಳು ಹೋಗಲಿಲ್ಲ. ಅರಳೆಯ ಧೂಳು ಚಮನಸಾಬನ ಎದೆಯೊಳಗೆ ಮನೆ ಮಾಡಿ ಇಪ್ಪತ್ತು ವರ್ಷವಾಯಿತು. ಮಾತಿಗೆ ಮೊದಲು ಅವನ ಕೆಮ್ಮು ಬರುತ್ತದೆ, ಆಮೇಲೆ ಮಾತು. ಎಷ್ಟೋ ಸಲ ಕೆಮ್ಮೊಂದೇ ಬಂದು ಮಾತು ಒಳಗೇ ಉಳಿಯುತ್ತದೆ. ಹೆಂಡತಿ ಪೀರಬಿ ಗಾದಿಯ ಅಂಚು ಹೊಲಿಯುತ್ತಾಳೆ. ದಬ್ಬಣ ಚುಚ್ಚಿ ಚುಚ್ಚಿ ಅವಳ ಬಲಗೈಯ ಎರಡು ಬೆರಳು ಮಡಚುವುದನ್ನು ಬಿಟ್ಟಿವೆ. ಮನೆಯಲ್ಲಿ ಮಾತೆಲ್ಲ ಕನ್ನಡ. ಅದಕ್ಕೇ ಸರ್ದಾರಸಾಬರಂಥ ಉರ್ದುವಿನ ಮನೆಯವರು ಪಿಂಜಾರರನ್ನು ಅರ್ಧ ಮುಸಲ್ಮಾನರು ಎಂದು ಎಣಿಸುತ್ತಾರೆ. ನಮಾಜಿನಲ್ಲಿ ಹೆಗಲಿಗೆ ಹೆಗಲು, ಹೊರಗೆ ಬಂದ ಮೇಲೆ ‘ಏನಲೇ ಪಿಂಜಾರ.’

ಗಾದಿಯ ಮಟ್ಟಿಗೆ ಹಾಗಲ್ಲ. ಪೇಟೆಯಲ್ಲಿ ಸ್ಪಂಜಿನ ಗಾದಿ ಎಷ್ಟೇ ಬಂದರೂ, ಹುಡುಗಿಯನ್ನು ಗಂಡನ ಮನೆಗೆ ಕಳಿಸುವಾಗ ಅರಳೆಯ ಗಾದಿಯೇ ಆಗಬೇಕು. ಬಡವರಾಗಲಿ ಧಣಿಗಳಾಗಲಿ, ಲಿಂಗಾಯತರಾಗಲಿ ಮುಸಲ್ಮಾನರಾಗಲಿ, ಲಗ್ನ ಗೊತ್ತಾದ ಮರುದಿನ ಚಮನಸಾಬನ ಪಡಸಾಲೆಗೆ ಬಟ್ಟೆ ಬಂದು ಬೀಳುತ್ತದೆ. ಹಾಗಾಗಿ ಊರಿನ ಹುಡುಗಿಯರಲ್ಲಿ ಯಾರ ಓದು ಯಾವತ್ತು ನಿಂತಿತು ಎಂಬ ಸುದ್ದಿ ಮಹೆಕಳಿಗೆ ಮಾಸ್ತರರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಮೊದಲ ವರ್ಷ ಜೇವರ್ಗಿಯ ಕಾಲೇಜಿಗೆ ಇಜೇರಿಯಿಂದ ಬಸ್ಸು ಹತ್ತುತ್ತಿದ್ದ ಹುಡುಗಿಯರು ಏಳು ಮಂದಿ. ಬಸ್ಸು ಪುಕ್ಕಟ, ಹುರುಪು ಇನ್ನೂ ಪುಕ್ಕಟ. ಆ ಏಳರಲ್ಲಿ ಐವರ ಗಾದಿಗೆ ಮಹೆಕಳೇ ಅರಳೆ ತುಂಬಿದಳು. ಬೆಳಿಗ್ಗೆ ಪಕ್ಕದಲ್ಲಿ ಕೂತು ನೋಟ್ಸು ಬರೆದವಳ ಗಾದಿಗೆ ಸಂಜೆ ಕೋಲು ಹಿಡಿದು ಅರಳೆ ಬಡಿಯುವುದು. ಐದನೆಯದು ಮುಸ್ಕಾನಳದು. ಈಗ ಬಸ್ಸಿಗೆ ಉಳಿದವರು ಇಬ್ಬರೇ: ಮಹೆಕ್, ಮತ್ತು ಕಲ್ಲಿನಾಥನ ಮಗಳು ಸಪ್ನಾ.

ಕಾಲೇಜಿಗೆ ಕಳಿಸುವಾಗಲೇ ಪೀರಬಿ ಕರಾರು ಹಾಕಿದ್ದಳು. ಮೊಬೈಲು ಮನೆಯಲ್ಲೇ ಇರಬೇಕು. ನಾಲ್ಕೂವರೆಯ ಬಸ್ಸು ತಪ್ಪಬಾರದು. ಭಾನುವಾರ ಮೂರು ಗಾದಿ ಮುಗಿಯಬೇಕು. ಬಸ್ಸಿನಲ್ಲಿ ನಗಬಾರದು. ಮಹೆಕ್ ಎಲ್ಲಕ್ಕೂ ಹೂಂ ಅಂದಳು. ಎರಡೂವರೆ ವರ್ಷ ಆಕೆ ಬಸ್ಸಿನಲ್ಲಿ ಹಲ್ಲು ಕಾಣಿಸಿಲ್ಲ. ಊರವರು ಅದಕ್ಕೂ ಹೆಸರಿಟ್ಟರು: ‘ಓದಿದ ಸೊಕ್ಕು, ಮಂದಿ ಕೂಡ ನಗೂದೂ ಇಲ್ಲ.’

ಈಗ ಆರನೇ ಸೆಮಿಸ್ಟರು ನಡೆದಿತ್ತು. ಜೂನಿನಲ್ಲಿ ಪರೀಕ್ಷೆ. ಅದೊಂದು ದಾಟಿದರೆ ಬಿಎ. ಅಷ್ಟರಲ್ಲಿ ಸರ್ದಾರಸಾಬರು ಗಂಡು ತಂದರು.

ಗಂಡು ಆಳಂದದ ಮಸೂದ. ಮೊಬೈಲು ರಿಪೇರಿಯ ಅಂಗಡಿ, ಸ್ವಂತ ಮನೆ, ತಾಯಿ ಖಮರಬಿ. ದೂರದಿಂದ ಸರ್ದಾರಸಾಬರ ಬೀಗರೇ ಆಗಬೇಕು. ರಂಜಾನ್ ಮುಗಿದ ಮೇಲೆ ಏಪ್ರಿಲಿನಲ್ಲಿ ಲಗ್ನ ಮಾಡಿಬಿಡೋಣ ಎಂದು ಸರ್ದಾರಸಾಬರು ಪಡಸಾಲೆಯಲ್ಲಿ ನಿಂತೇ ಹೇಳಿದರು. ಪಿಂಜಾರನ ಮನೆಯಲ್ಲಿ ಕೂತರೆ ಜುಬ್ಬಕ್ಕೆ ಅರಳೆ ಹತ್ತುತ್ತದಲ್ಲ. ಇಂಥ ಮನೆತನ ಪಿಂಜಾರರ ಹುಡುಗಿಗೆ ಸಿಕ್ಕುವುದೇ ಪುಣ್ಯ, ತಾವು ನಡುವೆ ಇದ್ದುದಕ್ಕೆ ಒಪ್ಪಿದ್ದಾರೆ ಎಂದೂ ಸೇರಿಸಿದರು. ಚಮನಸಾಬ ಕೆಮ್ಮಿದ. ಅದನ್ನೇ ಹೂಂ ಎಂದು ತಿಳಿದು ಅವರು ಹೊರಟುಹೋದರು.

ಮಹೆಕ್ ಮೊದಲು ಎಲ್ಲ ಹುಡುಗಿಯರೂ ಮಾಡುವುದನ್ನೇ ಮಾಡಿದಳು. ಅತ್ತಳು. ಅಳು ಯಾರಿಗೂ ಕೇಳಿಸಲಿಲ್ಲ, ಮಶೀನು ನಡೆದಿತ್ತು. ಎರಡು ದಿನ ಉಣ್ಣಲಿಲ್ಲ. ಪೀರಬಿ ರೊಟ್ಟಿಯ ಬುಟ್ಟಿ ಮುಚ್ಚಿಡುತ್ತ ತಾನೂ ಹೀಗೇ ಎರಡು ದಿನ ಉಪವಾಸ ಬಿದ್ದಿದ್ದೆ, ಮೂರನೇ ದಿನ ಹಸಿವಾಯಿತು, ನಾಲ್ಕನೇ ದಿನ ಲಗ್ನವಾಯಿತು ಎಂದಳು. ಆಗ ಅವಳಿಗೆ ಹದಿನಾಲ್ಕು.

ಸಪ್ನಾ ತನ್ನ ಅಣ್ಣನ ಫೋನಿನಿಂದ ಮಕ್ಕಳ ಸಹಾಯವಾಣಿಗೆ ಮಾತಾಡಿ ನೋಡಿದಳು. ಅತ್ತಲಿಂದ ಮಾತಾಡಿದ ಹೆಣ್ಣುಮಗಳು ಮರ್ಯಾದೆಯಿಂದಲೇ ವಯಸ್ಸು ಕೇಳಿದಳು. ಇಪ್ಪತ್ತು ಎಂದಾಗ, ಹದಿನೆಂಟು ತುಂಬಿದವರ ಲಗ್ನವನ್ನು ಬಾಲ್ಯವಿವಾಹ ಎಂದು ನಿಲ್ಲಿಸಲು ಬರುವುದಿಲ್ಲ, ಒಲ್ಲೆ ಎಂದು ಹೇಳುವ ಹಕ್ಕು ಆಕೆಗೇ ಇದೆಯಲ್ಲ ಎಂದಳು. ಹಕ್ಕು ಇದೆ, ಯಾರು ಇಲ್ಲವೆಂದರು? ಹದಿನೇಳು ವರ್ಷ ಮುನ್ನೂರ ಅರವತ್ತನಾಲ್ಕು ದಿನದವರೆಗೆ ಸರಕಾರ ನಿನ್ನ ಹಿಂದೆ ನಿಲ್ಲುತ್ತದೆ. ಮರುದಿನದಿಂದ ನೀನು ದೊಡ್ಡವಳು, ನಿನ್ನ ಹಿಂದೆ ನೀನೇ ನಿಂತುಕೋ.

ಅಳು ಬಿಟ್ಟು ಮಹೆಕ್ ಲೆಕ್ಚರರು ಪಾಠ ಹೇಳುವಂತೆ ಅಪ್ಪ ಅವ್ವನಿಗೆ ಬಿಡಿಸಿ ಹೇಳಲು ಕೂತಳು. ರೊಟ್ಟಿ ಬಡಿಯುವಾಗ ಅವ್ವನಿಗೆ, ಅರಳೆ ಬಡಿಯುವಾಗ ಅಪ್ಪನಿಗೆ. ಏಪ್ರಿಲಿನಲ್ಲಿ ಲಗ್ನವಾದರೆ ಹೊಸ ಸೊಸೆಯನ್ನು ತಿಂಗಳೊಪ್ಪತ್ತು ಯಾರೂ ಹೊರಗೆ ಬಿಡುವುದಿಲ್ಲ. ಹಾಜರಿ ನೂರಕ್ಕೆ ಎಪ್ಪತ್ತೈದು ಇರದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಆಳಂದದಿಂದ ಜೇವರ್ಗಿಗೆ ಬರಬೇಕೆಂದರೆ ಕಲಬುರಗಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹೊಸ ಸೊಸೆಯನ್ನು ದಿನಾ ಯಾರು ಕಳಿಸುತ್ತಾರೆ? ಐದು ಸೆಮಿಸ್ಟರು ಪಾಸಾಗಿದ್ದೇನಲ್ಲ ಎಂದರೆ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ನೌಕರಿಯ ಅರ್ಜಿಯಲ್ಲಿ ‘ಪದವಿ’ ಎಂಬ ಮನೆ ಇರುತ್ತದೆ. ಐದು ಮುಗಿಸಿದವಳೂ ಅಲ್ಲಿ ಗೀಟು ಎಳೆಯಬೇಕು, ಕಾಲೇಜಿನ ಬಾಗಿಲು ನೋಡದವಳೂ ಗೀಟು ಎಳೆಯಬೇಕು.

‘ಹೊಲಿಗಿ ಎಲ್ಲಾ ಹಾಕಿ ಒಂದು ಮಗ್ಗಲಾ ತೆರೆದು ಬಿಟ್ರ ಅದಕ್ಕ ಗಾದಿ ಅಂತಾರೇನಪ್ಪಾ?’ ಎಂದು ಕೇಳಿದಳು.

ಚಮನಸಾಬನಿಗೆ ಈ ಮಾತು ತಟ್ಟನೆ ತಿಳಿಯಿತು. ತೆರೆದ ಮಗ್ಗುಲಿನ ಗಾದಿಯನ್ನು ಅವನು ಜನ್ಮದಲ್ಲಿ ಯಾರಿಗೂ ಕೊಟ್ಟವನಲ್ಲ. ಮೂರು ದಿನ ಯೋಚಿಸಿ, ನಾಲ್ಕನೇ ದಿನ ಟೊಪ್ಪಿಗೆ ಹಾಕಿಕೊಂಡು ಹೋಗಿ, ಜೂನ್ ಆದಮೇಲೆ ಮಾಡಿದರೆ ಹೇಗೆ ಎಂದು ಸರ್ದಾರಸಾಬರನ್ನು ಕೇಳಿ ಬಂದ. ಅವರು ನಕ್ಕರು. ಅವರ ಹತ್ತಿರ ಎಲ್ಲಕ್ಕೂ ಮದ್ದು ಇತ್ತು: ನಿಕಾಹ ಏಪ್ರಿಲಿನಲ್ಲಿ ಓದಿಸಿಬಿಡೋಣ, ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ರುಖ್ಸತ್ ಪರೀಕ್ಷೆ ಮುಗಿದ ಮೇಲೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಚಮನಸಾಬ ಹಗುರಾಗಿ ಮನೆಗೆ ಬಂದು ಮಗಳಿಗೆ ಶುಭ ಸುದ್ದಿ ಹೇಳಿದ. ಪೀರಬಿಗೂ ಸಮಾಧಾನವಾಯಿತು. ಓದೂ ಆಯಿತು, ಲಗ್ನವೂ ಆಯಿತು, ಇನ್ನೇನು ಬೇಕು ಈ ಹುಡುಗಿಗೆ?

ಈ ಮದ್ದು ಮಹೆಕಳಿಗೆ ಹೊಸದಲ್ಲ. ಮುಸ್ಕಾನಳಿಗೂ ಇದನ್ನೇ ಕುಡಿಸಿದ್ದರು. ನಾಲ್ಕನೇ ಸೆಮಿಸ್ಟರಿನ ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ನಿಕಾಹ, ಪರೀಕ್ಷೆಯ ನಂತರ ರುಖ್ಸತ್ ಎಂದು ಎಲ್ಲರೆದುರು ಮಾತು. ನಿಕಾಹ ಆಗಿ ಹನ್ನೊಂದನೇ ದಿನಕ್ಕೆ ಅಫಜಲಪುರದ ಅತ್ತೆಗೆ ಸಕ್ಕರೆ ಏರಿತು, ಅಡುಗೆಗೆ ಜನವಿಲ್ಲ ಎಂದು ಫೋನು ಬಂತು. ಆವರೆಗೆ ಆ ಅತ್ತೆಗೆ ಇದ್ದ ಸಕ್ಕರೆಯೆಲ್ಲ ಚಹಾದಲ್ಲೇ ಇತ್ತು. ಮುಸ್ಕಾನ ಪುಸ್ತಕದ ಚೀಲ ಸಮೇತ ಜೀಪು ಹತ್ತಿದಳು, ಪರೀಕ್ಷೆಗೆ ಬರುತ್ತೇನೆ, ಸೀಟು ಹಿಡಿದಿಡು ಎಂದು ಕೂಗಿ ಹೇಳಿದಳು. ಮಹೆಕ್ ಬಸ್ಸಿನಲ್ಲಿ ಆರು ಪೇಪರಿಗೂ ಸೀಟು ಹಿಡಿದಿಟ್ಟಳು.

‘ಅವ್ವಾ, ನಿಕಾಹ ಆಗೂತನ ಕಾಲೇಜಿಗಿ ಕಳಸಾಂವ ಅಪ್ಪ,’ ಎಂದಳು ಮಹೆಕ್. ‘ಆದಮ್ಯಾಲ ಕಳಸಾಂವ ಗಂಡ. ಆಮ್ಯಾಲ ಅಪ್ಪ ಹೋಗು ಅಂದ್ರೂ ನಡ್ಯಾಂಗಿಲ್ಲ.’

ಪೀರಬಿಯ ಭಯ ಬೇರೆ ಇತ್ತು. ಈ ಗಂಡು ಬಿಟ್ಟರೆ ಸರ್ದಾರಸಾಬರು ಮುನಿಯುತ್ತಾರೆ, ಅವರು ಮುನಿದರೆ ಹುಡುಗಿಯ ಮೇಲೆ ಒಂದು ಮಾತು ಹುಟ್ಟುತ್ತದೆ, ಮಾತು ಹುಟ್ಟಿದರೆ ಇನ್ನೊಂದು ಗಂಡು ಹೊಸ್ತಿಲು ತುಳಿಯುವುದಿಲ್ಲ. ಹೆಚ್ಚು ಓದಿದವಳಿಗೆ ಹೆಚ್ಚು ಓದಿದವನೇ ಬೇಕು, ಅವನು ಮೋಟರ್ ಸೈಕಲ್ ಕೇಳುತ್ತಾನೆ. ಇದೂ ಸುಳ್ಳಲ್ಲ. ಬಡವರ ಮನೆಯಲ್ಲಿ ಹೆದರಿಕೆ ಅನ್ನುವುದು ಹುಚ್ಚಲ್ಲ, ಅನುಭವ. ಹಾಗಾಗಿ ಸರ್ದಾರಸಾಬರ ಮದ್ದೇ ಗಟ್ಟಿಯಾಯಿತು. ಬರುವ ಶುಕ್ರವಾರ ನಮಾಜಿನ ನಂತರ ಆಳಂದದವರು ತಾರೀಖು ಹಿಡಿಯಲು ಬರುವುದೆಂದು ಗೊತ್ತಾಯಿತು.

ಬುಧವಾರ ಮುಸ್ಕಾನಳ ಗಾದಿ ವಾಪಸು ಬಂತು.

ಸರ್ದಾರಸಾಬರ ಆಳು ಅದನ್ನು ಟಂಟಂ ಗಾಡಿಯಿಂದ ಇಳಿಸಿ ಪಡಸಾಲೆಗೆ ಎಸೆದ. ಹಿಂದೆಯೇ ಸರ್ದಾರಸಾಬರು ಬಂದರು. ಬೀದಿಯಲ್ಲಿ ಜನ ಸೇರುವಷ್ಟು ದನಿ ಏರಿಸಿದರು. ಒಂಬತ್ತು ತಿಂಗಳೂ ಆಗಿಲ್ಲ, ಗಾದಿಯಲ್ಲಿ ಗಂಟು ಬಿದ್ದಿದೆ, ಬೀಗರು ಉಗಿದು ಕಳಿಸಿದ್ದಾರೆ. ಒಳ್ಳೆ ಅರಳೆ ಮಾರಿಕೊಂಡು ಕಸ ತುಂಬಿದ್ದೀ ಎಂದರು.

‘ಕಸಾ ತುಂಬಿ ಕೊಟ್ಟೀದಿಲೇ ನನ್ನ ಮಗಳಿಗಿ. ಪಿಂಜಾರ ಬುದ್ಧಿ ಎಲ್ಲಿ ಹೋಗತದ? ಶುಕ್ರವಾರದೊಳಗ ಬಿಚ್ಚಿ ಕಸಾ ತೆಗಿ. ನಾಲ್ಕು ಮಂದಿ ಮುಂದ ತೋರಸ್ಬೇಕು.’

ಚಮನಸಾಬ ಕೈ ಮುಗಿದುಕೊಂಡು ನಿಂತಿದ್ದ. ಹದಿಮೂರು ಸೇರು ಅರಳೆ ತಾನೇ ಕೂತು ಪಿಂಜಿದ್ದು, ಒಂದು ಬೀಜ ಸಿಗದ ಹಾಗೆ ಮಹೆಕ್ ಆರಿಸಿದ್ದು ಅವನಿಗೆ ನೆನಪಿತ್ತು. ಹೇಳಬೇಕೆಂದು ಬಾಯಿ ತೆರೆದ, ಕೆಮ್ಮು ಬಂತು. ನೋಡಲು ನಿಂತ ಮಂದಿ ಕೆಮ್ಮನ್ನೇ ತಪ್ಪೊಪ್ಪಿಗೆ ಎಂದು ತಿಳಿದು ಮನೆಗೆ ಹೋದರು. ನಾಲ್ಕು ತಲೆಮಾರಿನ ಕಸುಬಿಗೆ ಕಸದ ಹೆಸರು ಬರಲು ಐದು ನಿಮಿಷವೂ ಹಿಡಿಯಲಿಲ್ಲ.

ಪಿಂಜಾರರಲ್ಲಿ ಒಂದು ಕಟ್ಟಳೆ ಇದೆ. ಹಳೆಯ ಗಾದಿ ಬಿಚ್ಚಿದವನು ಬಾಯಿ ಬಿಚ್ಚಬಾರದು. ಗಾದಿ ಅಂದರೆ ಮನೆಯ ಹೊಟ್ಟೆ. ಅದರಲ್ಲಿ ಏನೇನೋ ಇರುತ್ತದೆ. ಕೂಸು ಉಚ್ಚೆ ಹೊಯ್ದದ್ದು, ಮುದುಕಿ ಬಚ್ಚಿಟ್ಟ ನೋಟು, ಕುಡುಕನ ಬೀಡಿ ಸುಟ್ಟ ತೂತು. ನೋಡಬೇಕು, ಪಿಂಜಬೇಕು, ಮುಚ್ಚಬೇಕು. ಚಮನಸಾಬ ಇಷ್ಟು ವರ್ಷದಲ್ಲಿ ಇಡೀ ಸುತ್ತಲ ಹಳ್ಳಿಯ ಸಂಸಾರಗಳನ್ನು ಬಿಚ್ಚಿ ನೋಡಿದ್ದಾನೆ, ಹೆಂಡತಿಗೂ ಒಂದಕ್ಷರ ಹೇಳಿಲ್ಲ.

ಗುರುವಾರ ಬೆಳಿಗ್ಗೆ ಮಹೆಕ್ ಕಾಲೇಜಿಗೆ ಹೋಗಲಿಲ್ಲ. ತಾನು ಆರಿಸಿದ ಅರಳೆ, ತಾನೇ ಬಿಚ್ಚಬೇಕು ಎಂದು ಹಟ ಹಿಡಿದು ಅಪ್ಪನ ಎದುರು ಕೂತಳು. ಚಮನಸಾಬ ಬಿಚ್ಚುವ ಮೊದಲು ಗಾದಿಯ ಮೇಲೆ ಅಂಗೈ ಆಡಿಸಿದ. ಇಬ್ಬರು ಮಲಗುವ ಗಾದಿ. ಒಂದೇ ಅಂಚಿನಲ್ಲಿ, ಕಾಲುದಾರಿಯಂತೆ ಸಣ್ಣಗೆ, ಒಬ್ಬರು ಮುದುಡಿ ಮಲಗಿದಷ್ಟೇ ತಗ್ಗು ಇತ್ತು. ನಡುವೆ ಅರಳೆ ಹೆಂಟೆಗಟ್ಟಿತ್ತು. ಅರಳೆ ಹಾಗಾಗುವುದು ನೀರು ಬಿದ್ದರೆ ಮಾತ್ರ. ಗಾದಿಯನ್ನು ಯಾರೂ ನೀರು ಹಾಕಿ ತೊಳೆಯುವುದಿಲ್ಲ, ಬಿಸಿಲಿಗೆ ಹಾಕುತ್ತಾರೆ. ತೊಳೆದಿದ್ದಾರೆ ಅಂದರೆ ಏನನ್ನೋ ತೊಳೆದಿದ್ದಾರೆ. ಚಮನಸಾಬ ಹೊಲಿಗೆ ಕತ್ತರಿಸಿ ಬಟ್ಟೆ ಹೊರಳಿಸಿದ. ಒಳಮಗ್ಗುಲಲ್ಲಿ ತಟ್ಟೆಯಗಲದ ಕಂದು ಕಲೆ. ಮೇಲೆ ಹೋಗಿತ್ತು, ಒಳಗೆ ಹೋಗಿರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಪೀರಬಿ ಅದನ್ನು ನೋಡಿದಳು. ಮೂರು ಹೆತ್ತು ಎರಡು ಕಳಕೊಂಡವಳು ಅವಳು, ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮುಸ್ಕಾನಳಿಗೆ ಬಸಿರು ನಿಂತದ್ದು, ಹೋದದ್ದು, ಎರಡೂ ತವರಿಗೆ ಗೊತ್ತಿಲ್ಲ. ಗಾದಿ ತೊಳೆದವರು ಯಾರೆಂದು ಕೇಳಬೇಕೇ? ಮಲಗಬೇಕಾದ ಹೊತ್ತಿನಲ್ಲಿ ಆ ಹುಡುಗಿಯೇ ಕೂತು ತಿಕ್ಕಿರಬೇಕು. ಪೀರಬಿ ದಬ್ಬಣ ಕೆಳಗಿಟ್ಟಳು.

ಕಸ ಸಿಕ್ಕಿದ್ದು ತಲೆದೆಸೆಯಲ್ಲಿ. ಅಂಚಿನ ಹೊಲಿಗೆ ಅಲ್ಲಿ ಇವರದಾಗಿರಲಿಲ್ಲ. ಯಾರೋ ಸಣ್ಣ ಸೂಜಿಯಲ್ಲಿ ಕರಿ ದಾರದಿಂದ ಹೊಲಿದಿದ್ದರು. ಒಳಗೆ ಅರಳೆಯಲ್ಲಿ ಸುತ್ತಿದ ಗಂಟು. ಬಿಡಿಸಿದರೆ ಕಾಗದ. ಅರ್ಥಶಾಸ್ತ್ರದ ನೋಟ್ಸು. ಅಕ್ಷರ ಮಹೆಕಳದು, ಆಕೆಯೇ ಮುಸ್ಕಾನಳಿಗೆ ಕೊಟ್ಟದ್ದು. ಅದರ ಜತೆ ನಾಲ್ಕನೇ ಸೆಮಿಸ್ಟರಿನ ಹಾಲ್ ಟಿಕೆಟ್ಟು, ಆರು ಪೇಪರುಗಳ ವೇಳಾಪಟ್ಟಿ. ವೇಳಾಪಟ್ಟಿಯಲ್ಲಿ ಪ್ರತಿ ತಾರೀಖಿನ ಮೇಲೂ ಪೆನ್ಸಿಲಿನಿಂದ ಒಂದೊಂದು ಗೀಟು.

ಚಮನಸಾಬ ಓದಲು ಬಾರದವನು. ಗೀಟು ಯಾಕೆ ಎಂದು ಮಗಳನ್ನು ಕೇಳಿದ.

ಪರೀಕ್ಷೆ ಬರೆದು ಮುಗಿಸಿದ ದಿನ ಹಾಗೆ ಹೊಡೆದುಹಾಕುತ್ತೇವೆ ಎಂದಳು ಮಹೆಕ್. ಆಮೇಲೆ ಕಾಗದವನ್ನು ಅಪ್ಪನ ಮುಂದೆ ಸರಿಸಿದಳು. ‘ಆಕಿ ಬರದೇ ಇಲ್ಲಪ್ಪಾ. ಮನ್ಯಾಗ ಕುಂತು ತಾರೀಖು ಹೊಡದಾಳ. ಒಂದೊಂದು ದಿನ ಒಂದೊಂದು.’

ಆರನೆಯ ಗೀಟು ಒತ್ತಿ ಎಳೆದು ಕಾಗದ ಹರಿದಿತ್ತು. ಚಮನಸಾಬ ಅದನ್ನು ಬೆರಳಿನಿಂದ ಮುಟ್ಟಿದ. ಬೀಜ ಹುಡುಕುವ ಬೆರಳು, ಅರಳೆಯಲ್ಲಿ ಕೂದಲೆಳೆ ಇದ್ದರೂ ಗೊತ್ತಾಗುವ ಬೆರಳು. ಮಹೆಕ್ ಅಳಲಿಲ್ಲ. ಹೊಸ ವಾದವನ್ನೂ ಹೂಡಲಿಲ್ಲ. ಇಷ್ಟೇ ಅಂದಳು:

‘ಈ ಗಾದಿ ನಾವ ಹೊಲದ್ವಿ. ಮುಂದಿಂದು ನಂದು. ಅದನ್ನ ವಾಪಸ್ ಬಂದಾಗ ಬಿಚ್ಚಾಂವ ನೀ.’

ಚಮನಸಾಬ ಮಶೀನಿನ ಗುಂಡಿ ಒತ್ತಿದ. ಸಂಜೆಯ ತನಕ ಪಿಂಜಿದ, ಕೆಮ್ಮಿದ, ಪಿಂಜಿದ. ಪೀರಬಿ ಕಲೆಯ ಬಟ್ಟೆಯನ್ನು ಮಡಚಿ, ಕಲೆ ಒಳಗೆ ಬರುವ ಹಾಗೆ ಮತ್ತೆ ಮಡಚಿ, ಮೂಲೆಯಲ್ಲಿಟ್ಟಳು. ದೀಪ ಹಚ್ಚುವಾಗ ಗಂಡನಿಗೆ ಕೇಳಿಸುವಷ್ಟು ಸಣ್ಣಗೆ, ಜನ ಏನು ಬೇಕಾದರೂ ಅನ್ನಲಿ, ನಾನು ಈ ಹುಡುಗಿಯ ಗಾದಿಗೆ ಸೂಜಿ ಮುಟ್ಟುವುದಿಲ್ಲ ಎಂದಳು.

ಶುಕ್ರವಾರ ಆಳಂದದಿಂದ ಖಮರಬಿಯೂ ಅವಳ ತಮ್ಮನೂ ಬಂದರು. ಮಸೂದ ಬರಲಿಲ್ಲ, ಅಂಗಡಿಯಲ್ಲಿ ಗಿರಾಕಿ ಇದ್ದರಂತೆ. ಬಂದವರನ್ನು ಕೂರಿಸಲು ಕುರ್ಚಿ ಇರಲಿಲ್ಲ. ಯಾರದೋ ಲಗ್ನಕ್ಕೆ ಹೊಲಿದಿಟ್ಟ ಹೊಸ ಗಾದಿಯನ್ನೇ ಹಾಸಿದರು. ಸರ್ದಾರಸಾಬರೂ ಅವತ್ತು ಅರಳೆಯ ಚಿಂತೆ ಬಿಟ್ಟು ನಡುವೆ ಕೂತರು. ಸುತ್ತ ಜಮಾತಿನ ನಾಲ್ಕು ಮಂದಿ. ಮೂಲೆಯಲ್ಲಿ ಮುಸ್ಕಾನಳ ಗಾದಿಯ ಅರಳೆ ಗುಡ್ಡೆಯಾಗಿ ಬಿದ್ದಿತ್ತು.

ಸರ್ದಾರಸಾಬರು ಹುಡುಗಿಯ ಗುಣಗಾನ ಮಾಡಿದರು. ಅಡುಗೆ ಬರುತ್ತದೆ, ಹೊಲಿಗೆ ಬರುತ್ತದೆ, ತಲೆ ಎತ್ತಿ ಮಾತಾಡುವುದಿಲ್ಲ. ಮೂರನ್ನೂ ಅವರು ನೋಡಿದ್ದಿಲ್ಲ. ಓದಿನ ಆಸೆ ಸ್ವಲ್ಪ ಇದೆ, ಅದೇನು ದೊಡ್ಡದಲ್ಲ, ರುಖ್ಸತ್ ಆಮೇಲೆ ಇಟ್ಟುಕೊಂಡರಾಯಿತು ಎಂದರು. ಅಷ್ಟಕ್ಕೂ ಹೆಣ್ಣುಮಗಳಿಗೆ ಜೇವರ್ಗಿ ಎಂಬುದು ಬಹಳ ದೂರ, ದಿನಾ ಹೋಗಿಬರುವುದು ಚೆನ್ನಲ್ಲ. ತಮ್ಮ ಮುಸ್ಕಾನಳನ್ನು ನೋಡಿ, ಅಫಜಲಪುರದಲ್ಲಿ ರಾಣಿ ಹಾಗೆ ಇದ್ದಾಳೆ ಎಂದರು. ರಾಣಿಯ ನೆನಪಾದೊಡನೆ ಗಾದಿಯ ನೆನಪೂ ಆಯಿತು. ಬೀಗರೆದುರು ತಮ್ಮ ಕೈ ಎಷ್ಟು ಮೇಲಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆ ಹೊತ್ತು ಯಾವುದು?

‘ಏನಲೇ ಚಮನ್ಯಾ, ಗಾದಿ ಬಿಚ್ಚಿದೇನು? ಕಸಾ ಸಿಕ್ತಿಲ್ಲ?’

‘ಸಿಕ್ತುರಿ,’ ಎಂದ ಚಮನಸಾಬ.

ಸರ್ದಾರಸಾಬರು ನಾಲ್ಕು ಮಂದಿಯ ಮುಖ ನೋಡಿ ನಕ್ಕರು. ನೋಡಿದಿರಾ, ಕಳ್ಳ ಒಪ್ಪಿಕೊಂಡ ಎಂಬ ನಗೆ. ತೋರಿಸು ಎಂದರು.

ಚಮನಸಾಬನಿಗೆ ಕೆಮ್ಮು ಬಂತು. ಎಲ್ಲರೂ ಕಾದರು. ಕೆಮ್ಮು ಮುಗಿಯಿತು, ಈ ಸಲ ಅದರ ಹಿಂದೆ ಮಾತೂ ಬಂತು. ತಾನು ತುಂಬಿದ ಕಸ ಅದರಲ್ಲಿ ಇಲ್ಲ, ಹೋದ ಮೇಲೆ ಅಲ್ಲಿ ಸೇರಿದ್ದು ಇದೆ ಎಂದ. ಎದ್ದು ಮೂಲೆಗೆ ಹೋಗಿ, ಮಡಚಿಟ್ಟ ಬಟ್ಟೆಯ ಮೇಲೆ ಕೈಯಿಟ್ಟು ನಿಂತ.

‘ಈ ಅರಬಿ ಬಿಚ್ಚಿದ್ರ ಎಲ್ಲಾ ಕಾಣತದರಿ. ಗಾದಿಗಿ ನೀರು ಯಾಕ ಹಾಕ್ಯಾರ ಅಂತನೂ ಕಾಣತದ. ನೀವು ನಾಲ್ಕು ಮಂದಿ ಮುಂದ ಅಂದೀರಿ. ಬಿಚ್ಚಲೇನ್ರಿ?’

ಸರ್ದಾರಸಾಬರ ನಗೆ ಮುಖದ ಮೇಲೇ ಒಣಗಿತು. ಎಷ್ಟಾದರೂ ಮೂರು ಹೆಣ್ಣುಮಕ್ಕಳ ತಂದೆ. ನೀರು ಹಾಕಿ ತೊಳೆದ ಗಾದಿ ಎಂದರೆ ಏನೆಂದು ಮನೆಯಲ್ಲಿ ಹೆಂಗಸರು ಪಿಸುಗುಟ್ಟಿದ್ದನ್ನು ಕೇಳಿರಬೇಕು. ಬಟ್ಟೆಯನ್ನೂ ನೋಡಿದರು, ಖಮರಬಿಯನ್ನೂ ನೋಡಿದರು. ಬೀಗರ ಮನೆಯ ಗುಟ್ಟು ಇಲ್ಲಿ ಬಯಲಾಯಿತು ಎಂಬ ಸುದ್ದಿ ಆಳಂದದಿಂದ ಅಫಜಲಪುರಕ್ಕೆ ಮುಟ್ಟಲು ಒಂದು ಫೋನು ಸಾಕು. ಬೇಡ, ಬೇಡ, ಅದೆಲ್ಲ ಆಮೇಲೆ ನೋಡೋಣ ಎಂದರು. ದನಿ ಎಲ್ಲಿಂದಲೋ ಬಂದಂತಿತ್ತು.

‘ಹಂಗಾರ ನಾ ಬಿಚ್ಚಾಂಗಿಲ್ಲರಿ,’ ಎಂದ ಚಮನಸಾಬ. ‘ಪಿಂಜಾರ ಬಾಯಿ ಬಿಚ್ಚಾಂಗಿಲ್ಲ. ಆದ್ರ ನನ್ನ ಮಗಳ ಗಾದಿನೂ ನಾ ಈಗ ಹೊಲ್ಯಾಂಗಿಲ್ಲ. ಆಕಿ ಪರೀಕ್ಷಾ ಮುಗೀಲಿ. ನಿಕಾಹನೂ ಆವಾಗ, ರುಖ್ಸತ್ನೂ ಆವಾಗ.’

ಖಮರಬಿ ಈಗ ಬಾಯಿ ಹಾಕಿದಳು. ನಿಕಾಹ ಆದರೆ ತಾವೇನು ಹುಡುಗಿಯನ್ನು ಹಿಡಿದು ಎಳೆದೊಯ್ಯುವುದಿಲ್ಲ, ತಮ್ಮ ಮಾತಿನ ಮೇಲೆ ನಂಬಿಕೆ ಇಲ್ಲವೇ ಎಂದಳು. ನೂರು ಮಂದಿಗೆ ಹೇಳಿಯಾಗಿದೆ, ಏಪ್ರಿಲಿನಲ್ಲಿ ನಿಕಾಹ ಆಗಲೇಬೇಕು.

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಹೆಕ್ ಒಳಗೆ ಬಂದಳು. ತಟ್ಟೆ ಕೆಳಗಿಟ್ಟಳು. ತಲೆ ಎತ್ತಿದಳು.

‘ನಿಕಾಹದಾಗ ಹುಡುಗಿಗಿ ಕೇಳ್ತಾರ್ರಿ, ಚಾಚಿ. ಸಾಕ್ಷಿ ಇಟ್ಟು ಮೂರು ಸಲ ಕೇಳ್ತಾರ. ಏಪ್ರಿಲ್‌ದಾಗ ಕೇಳಿದ್ರ ಮೂರೂ ಸಲ ಒಲ್ಲೆ ಅಂತೇನಿ. ನೂರು ಮಂದಿ ಮುಂದ ಅಂತೇನಿ. ಜೂನ್ ಆದಮ್ಯಾಲ ಕೇಳ್ರಿ, ವಿಚಾರ ಮಾಡ್ತೇನಿ.’

ಯಾರೂ ಚಹಾ ಮುಟ್ಟಲಿಲ್ಲ. ಜಮಾತಿನ ನಾಲ್ಕು ಮಂದಿ ಸರ್ದಾರಸಾಬರ ಕಡೆ ನೋಡಿದರು, ಈಗ ಇವರು ಬೆಂಕಿಯಾಗುತ್ತಾರೆ ಎಂದು. ಬೆಂಕಿಯಾಗುವ ಮನಸ್ಸು ಅವರಿಗೂ ಇತ್ತು. ಆದರೆ ಚಮನಸಾಬ ಇನ್ನೂ ಆ ಬಟ್ಟೆಯ ಹತ್ತಿರವೇ ನಿಂತಿದ್ದ, ಕೈ ಅದರ ಮೇಲೇ ಇತ್ತು. ಸರ್ದಾರಸಾಬರು ಗಂಟಲು ಸರಿಮಾಡಿಕೊಂಡರು. ಆಮೇಲೆ ಇಜೇರಿ ಇನ್ನೂ ಹತ್ತು ವರ್ಷ ನೆನಪಿಡುವಂಥ ಭಾಷಣ ಮಾಡಿದರು. ಇಲ್ಮ್, ಅಂದರೆ ವಿದ್ಯೆ, ಕಲಿಯುವುದು ಗಂಡಿಗೂ ಹೆಣ್ಣಿಗೂ ಫರ್ಜ್, ಬಿಡಬಾರದ ಕರ್ತವ್ಯ, ಚೀನಾಕ್ಕೆ ಹೋಗಿಯಾದರೂ ಕಲಿಯಬೇಕು ಎಂದು ಹಿರಿಯರು ಹೇಳಿದ್ದಾರೆ. ನಾಲ್ಕು ತಿಂಗಳಲ್ಲಿ ಏನು ಮುಳುಗಿಹೋಗುತ್ತದೆ, ಹುಡುಗಿ ಓದಲಿ ಬಿಡಿ, ಜಮಾತಿಗೂ ಹೆಸರು ಎಂದರು. ಅರ್ಧ ತಾಸಿನ ಹಿಂದೆ ಜೇವರ್ಗಿಯೇ ದೂರವಾಗಿತ್ತು. ಈಗ ಚೀನಾ ಇಜೇರಿಯ ಅಗಸಿ ಬಾಗಿಲಲ್ಲೇ ಇತ್ತು. ನಾಲ್ಕು ಮಂದಿಯೂ ಹೌದು ಹೌದು ಎಂದು ಗಡ್ಡ ನೀವಿಕೊಂಡರು. ಶಾಲು ಒಂದು ಕಡಿಮೆಯಾಗಿತ್ತು ಅಷ್ಟೇ.

ಖಮರಬಿ ಎದ್ದಳು. ತನ್ನ ಮಗನಿಗೆ ಹೆಣ್ಣು ಬೇಕು, ಲಾಯರು ಬೇಡ ಎಂದು ಹೇಳಿ ಚಪ್ಪಲಿ ಮೆಟ್ಟಿದಳು. ಗಂಡು ಹೋಯಿತು. ಪೀರಬಿ ಹೊಸ್ತಿಲಲ್ಲಿ ನಿಂತು ಜೀಪು ತಿರುಗುವ ತನಕ ನೋಡಿದಳು. ಹೆದರಿಕೆ ಜೀಪು ಹತ್ತಿ ಹೋಗಲಿಲ್ಲ, ಮನೆಯಲ್ಲೇ ಉಳಿಯಿತು. ಮುಂದೆ ಮಾತು ಹುಟ್ಟಲೂ ಹುಟ್ಟಿತು. ಪಿಂಜಾರರ ಹುಡುಗಿ ಹಿರಿಯರ ಮುಂದೆ ನಾಲಿಗೆ ಉದ್ದ ಮಾಡಿದಳೆಂದು ಹೊಟೇಲಿನಲ್ಲಿ ಒಂದು ವಾರ ಚಹಾ ಖರ್ಚಾಯಿತು. ಆದರೆ ಪೀರಬಿ ಒಳಗೆ ಬಂದು ಮಗಳಿಗೆ ಅಂದದ್ದು ಒಂದೇ ಮಾತು. ನಾಳೆ ಏಳೂವರೆಯ ಬಸ್ಸು ತಪ್ಪಬಾರದು, ಎರಡು ದಿನದ ಹಾಜರಿ ಮೊದಲೇ ಹೋಗಿದೆ.

ಸರ್ದಾರಸಾಬರು ಗಾದಿಯಲ್ಲಿ ಏನಿತ್ತು ಎಂದು ಆಮೇಲೂ ಕೇಳಲಿಲ್ಲ. ಅಫಜಲಪುರಕ್ಕೆ ಹೋಗಿ ಮಗಳ ಮುಖ ನೋಡಿ ಬರಲೂ ಇಲ್ಲ. ಬೇಗ ಹೊಲಿದು ಕೊಡು, ವಾಪಸು ಕಳಿಸಬೇಕು ಎಂದು ಆಳಿನ ಕೈಲಿ ಹೇಳಿ ಕಳಿಸಿದರು. ಗಾದಿಗೆ ಹೊಸ ಬಟ್ಟೆಯನ್ನೂ ಅವನ ಕೈಲೇ ಕಳಿಸಿದರು. ಹಳೆಯದನ್ನು ಸುಟ್ಟುಬಿಡಬೇಕಂತೆ.

ಭಾನುವಾರ ಮೂವರೂ ಕೂತು ಗಾದಿ ತುಂಬಿದರು. ಸೂಜಿ ಮುಟ್ಟುವುದಿಲ್ಲ ಎಂದವಳು ಪೀರಬಿ. ಆದರೆ ಅದು ಮಹೆಕಳ ಗಾದಿಗೆ. ಇದಕ್ಕೆ ಅವಳು ಎಲ್ಲರಿಗಿಂತ ಮೊದಲು ದಬ್ಬಣ ಹಿಡಿದಳು. ಚಮನಸಾಬ ತಲೆದೆಸೆಗೆ ಬಂದಾಗ ಕೈ ತಡೆದು, ಆ ಕಾಗದ ಎಲ್ಲಿ ಎಂದು ಮಗಳನ್ನು ಕೇಳಿದ. ಮಹೆಕ್ ಒಳಗಿನಿಂದ ತಂದಳು. ಹಾಲ್ ಟಿಕೆಟ್ಟು, ವೇಳಾಪಟ್ಟಿ, ಹಳೆಯ ನೋಟ್ಸು. ಅದರ ಜತೆ ತನ್ನ ಐದನೇ ಸೆಮಿಸ್ಟರಿನ ನೋಟ್ಸನ್ನೂ ಇಟ್ಟಳು. ಪೆನ್ನೂ ಇಡಬೇಕೆಂದಳು. ಪೆನ್ನು ಚುಚ್ಚುತ್ತದೆ, ಗೊತ್ತಾಗುತ್ತದೆ ಎಂದ ಚಮನಸಾಬ. ಸ್ವಲ್ಪ ಯೋಚಿಸಿ, ಅದರೊಳಗಿನ ಶಾಯಿ ಕಡ್ಡಿಯೊಂದನ್ನೇ ತೆಗೆದು ಕೊಡು ಎಂದ.

ಈ ಸಲ ಗಂಟು ಕಟ್ಟಲಿಲ್ಲ. ಅರಳೆಯ ಒಂದು ಪದರು ಹಾಸಿದ, ಹಾಳೆಗಳನ್ನು ಒಂದರ ಪಕ್ಕ ಒಂದು ಬಿಡಿಯಾಗಿ ಹರಡಿದ, ಮೇಲೆ ಇನ್ನೊಂದು ಪದರು ಎಳೆದ. ಒತ್ತಿ ನೋಡು, ಏನಾದರೂ ಹತ್ತುತ್ತದೆಯೇ ಎಂದು ಮಗಳಿಗೆ ಹೇಳಿದ. ಮಹೆಕ್ ಅಂಗೈಯಿಂದ ಒತ್ತಿದಳು. ಅತ್ತೆಯ ಕೈ ಬರಲಿ, ಗಂಡನ ಕೈ ಬರಲಿ, ಮೆತ್ತನೆ ಅರಳೆಯಲ್ಲದೆ ಬೇರೇನೂ ಸಿಗುವಂತಿರಲಿಲ್ಲ.

ಪೀರಬಿ ಅಂಚು ಮುಚ್ಚಲು ದಾರ ಪೋಣಿಸಿದಳು. ಚಮನಸಾಬ ದಬ್ಬಣವನ್ನು ಅವಳ ಕೈಯಿಂದ ಇಸಿದುಕೊಂಡ.

‘ಆಕಿಗಿ ಪರೀಕ್ಷಾ ಬರ್ಯಾಕ ಇನ್ನ ಬರತದೇನು?’ ಎಂದು ಮಗಳನ್ನು ಕೇಳಿದ.

‘ಬರತದಪ್ಪಾ. ಇನ್ನ ಎರಡು ಮೂರು ವರ್ಷ ಅವಕಾಶ ಅದ.’

‘ಹಂಗಾರ ಈ ಕಡಿಗಿ ಹೊಲಿಗಿ ಸಡಲ ಹಾಕ್ತೇನಿ,’ ಎಂದ ಚಮನಸಾಬ. ‘ಬೆರಳಿಲೆ ಬಿಚ್ಚಾಕ ಬರಬೇಕು.’

ನಾಲ್ಕು ತಲೆಮಾರಿನಲ್ಲಿ ಮೊದಲ ಸಲ ಆ ಮನೆಯಿಂದ ಒಂದು ಗಾದಿ ತೆರೆದ ಮಗ್ಗುಲಿನೊಂದಿಗೆ ಹೋಯಿತು.